ಮಾರಾಟದಲ್ಲಿ ಶೇ 30, ಬಾಕಿಯಲ್ಲಿ ಶೇ 56: ಒಂದೇ ಮನೆತನಕ್ಕೆ ಉದ್ರಿ ಕೊಟ್ಟು ಕಲಿತದ್ದು

ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಕಾರ್ಖಾನೆಯಿದೆ. ಅಕ್ಕಿ ಗಿರಣಿಗಳಿಗೆ, ಕೋಳಿ ಆಹಾರ ತಯಾರಿಸುವವರಿಗೆ ಮತ್ತು ಮೆಕ್ಕೆಜೋಳದ ವ್ಯಾಪಾರಿಗಳಿಗೆ ಪ್ಲಾಸ್ಟಿಕ್ ನೇಯ್ಗೆಯ ಚೀಲಗಳನ್ನು ಮಾಡಿಕೊಡುತ್ತೇವೆ. 2023ರ ಕೊನೆಯಲ್ಲಿ ನಮಗಾದ ನಷ್ಟವನ್ನು ಇಲ್ಲಿ ಅಂಕಿಗಳ ಸಮೇತ ಬರೆಯುತ್ತಿದ್ದೇನೆ, ಏಕೆಂದರೆ ನಾವು ಮಾಡಿದ ತಪ್ಪನ್ನೇ ಈಗಲೂ ಮಾಡುತ್ತಿರುವವರು ನಮ್ಮ ಊರಿನಲ್ಲಿ ಹಲವರಿದ್ದಾರೆ.

ಆಗ ನಮ್ಮ ಮಾರಾಟ ತೆರಿಗೆ ಸೇರಿ ತಿಂಗಳಿಗೆ ಸುಮಾರು 40 ಲಕ್ಷ ರೂಪಾಯಿ ಇತ್ತು. ಅದರಲ್ಲಿ 12 ಲಕ್ಷದ ಮಾಲು ಒಂದೇ ಮನೆತನದ ಮೂರು ವ್ಯವಹಾರಗಳಿಗೆ ಹೋಗುತ್ತಿತ್ತು: ಒಂದು ಅಕ್ಕಿ ಗಿರಣಿ, ಒಂದು ಕೋಳಿ ಆಹಾರದ ಘಟಕ, ಇನ್ನೊಂದು ಎಪಿಎಂಸಿ ಪ್ರಾಂಗಣದ ಅಂಗಡಿ. ಮಾರಾಟದ ಶೇ 30ರಷ್ಟು ಒಬ್ಬರ ಕೈಯಲ್ಲಿದೆ ಎಂಬುದು ನನಗೆ ಗೊತ್ತಿತ್ತು, ಮತ್ತು ಅಷ್ಟನ್ನು ತಡೆದುಕೊಳ್ಳಬಹುದೆಂದು ನಂಬಿದ್ದೆ. ನಾನು ನೋಡಬೇಕಾಗಿದ್ದದ್ದು ಮಾರಾಟದ ಪಾಲನ್ನಲ್ಲ, ಬರಬೇಕಾದ ಬಾಕಿಯ ಪಾಲನ್ನು.

ಈ ಎರಡರ ನಡುವಿನ ಅಂತರ ಹುಟ್ಟುವುದು ಹಣ ಬರುವ ದಿನಗಳಿಂದ. ಎಲ್ಲ ಗಿರಾಕಿಗಳೂ 30 ದಿನಕ್ಕೆ ಹಣ ಕೊಟ್ಟರೆ ಯಾವ ದಿನ ನೋಡಿದರೂ ಒಂದು ತಿಂಗಳ ಮಾರಾಟದಷ್ಟೇ, ಅಂದರೆ 40 ಲಕ್ಷ ಬಾಕಿಯಿರುತ್ತದೆ; ಅದರಲ್ಲಿ ಈ ಮನೆತನದ್ದು 12 ಲಕ್ಷ, ಶೇ 30. ಆದರೆ 2023ರಲ್ಲಿ ಉಳಿದವರು 30 ದಿನಕ್ಕೆ ಕೊಡುತ್ತಲೇ ಇದ್ದಾಗ ಇವರು ನಿಧಾನವಾಗಿ 90 ದಿನಕ್ಕೆ ಜಾರಿದರು. ಉಳಿದವರ ಬಾಕಿ 28 ಲಕ್ಷದಲ್ಲೇ ನಿಂತಿತು, ಇವರದು ಮೂರು ತಿಂಗಳ ಮಾಲು ಸೇರಿ 36 ಲಕ್ಷಕ್ಕೆ ಏರಿತು. ಒಟ್ಟು 64 ಲಕ್ಷದಲ್ಲಿ 36 ಲಕ್ಷವೆಂದರೆ ಶೇ 56. ನಾವು ಅವರಿಗೆ ಒಂದು ಚೀಲವನ್ನೂ ಹೆಚ್ಚಿಗೆ ಮಾರಿರಲಿಲ್ಲ.

ಇದು ನಮಗೆ ಕಾಣದೆ ಹೋದದ್ದಕ್ಕೆ ಕಾರಣ ಲೆಕ್ಕದ ಪುಸ್ತಕದಲ್ಲೇ ಇತ್ತು. ನಾವು ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶದಲ್ಲಿ ಮೂರು ವ್ಯವಹಾರಗಳಿಗೂ ಬೇರೆ ಬೇರೆ ಲೆಡ್ಜರ್ ಇದ್ದವು: ಗಿರಣಿಯ ಬಾಕಿ 15.5 ಲಕ್ಷ, ಘಟಕದ್ದು 12 ಲಕ್ಷ, ಅಂಗಡಿಯದು 8.5 ಲಕ್ಷ. ಹೀಗಾಗಿ ನನ್ನ ಮುಂದಿದ್ದ ಪಟ್ಟಿಯಲ್ಲಿ ಅತಿ ದೊಡ್ಡ ಬಾಕಿದಾರರ ಪಾಲು ಶೇ 24 ಎಂದೇ ಕಾಣುತ್ತಿತ್ತು. ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿಗಳ ನಂತರ ಬರುವ ಹತ್ತು ಅಕ್ಷರಗಳು ಪ್ಯಾನ್ ಆಗಿರುವುದರಿಂದ, ಒಂದೇ ಪ್ಯಾನ್ ಇರುವವರನ್ನು ಒಟ್ಟುಗೂಡಿಸಿ ನೋಡಿದರೆ ಸಾಕೆಂದು ಕೆಲವರು ಹೇಳುತ್ತಾರೆ. ಅದು ಇಲ್ಲಿ ಕೆಲಸಕ್ಕೆ ಬರುತ್ತಿರಲಿಲ್ಲ. ಗಿರಣಿ ಪಾಲುದಾರಿಕೆ ಸಂಸ್ಥೆ, ಘಟಕ ಪ್ರೈವೇಟ್ ಲಿಮಿಟೆಡ್ ಕಂಪನಿ, ಅಂಗಡಿ ಮನೆಯ ಕಿರಿಯ ಮಗನ ಸ್ವಂತ ಹೆಸರಿನದು. ಮೂರಕ್ಕೂ ಮೂರು ಪ್ಯಾನ್. ಆದರೆ ಯಾವ ಬಾಕಿಗೆ ಫೋನ್ ಮಾಡಿದರೂ ಮಾತನಾಡುತ್ತಿದ್ದವರು ಒಬ್ಬರೇ ಮುನೀಮರು, ಮೂರೂ ಕಡೆಯ ಚೆಕ್ಕುಗಳ ಮೇಲೆ ಇರುತ್ತಿದ್ದದ್ದು ಹಿರಿಯಣ್ಣನ ಸಹಿ ಒಂದೇ. "ಸಾವ್ಕಾರ್ರ, ಸ್ವಲ್ಪ ತಡ್ಕೊಳ್ರಿ, ಮೆಕ್ಕೆಜೋಳದ ದುಡ್ಡು ಬಂದ ಕೂಡ್ಲೇ ಮೂರೂ ಕಡೀದು ಒಟ್ಟಿಗೇ ಹಾಕ್ತೀವಿ" ಎಂದು ಆ ಮುನೀಮರೇ ಹೇಳಿದ್ದರು. ಮೂರೂ ಒಂದೇ ಜೇಬು ಎಂಬುದನ್ನು ಅವರ ಬಾಯಿಂದಲೇ ಕೇಳಿಯೂ ನಾನು ಲೆಡ್ಜರುಗಳನ್ನು ಕೂಡಿಸಿ ನೋಡಲಿಲ್ಲ.

ಆ ವರ್ಷ ಮಳೆ ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಹೊರಗಿನವರಿಗೆ ಮೂರು ಬೇರೆ ಉದ್ಯಮಗಳಂತೆ ಕಾಣುತ್ತಿದ್ದ ಗಿರಣಿ, ಘಟಕ ಮತ್ತು ಅಂಗಡಿ ಮೂರೂ ಅದೇ ಸುತ್ತಲಿನ ಹೊಲಗಳ ಬೆಳೆಯನ್ನು ನಂಬಿದ್ದವು. ಒಂದಕ್ಕೆ ಬಿದ್ದ ಪೆಟ್ಟು ಮೂರಕ್ಕೂ ಬಿತ್ತು. ನವೆಂಬರ್ ಕೊನೆಗೆ ಹಣ ಬರುವುದು ಪೂರ್ತಿ ನಿಂತಿತು, ಡಿಸೆಂಬರಿನಿಂದ ನಾವು ಮಾಲು ಕಳಿಸುವುದನ್ನು ನಿಲ್ಲಿಸಿದೆವು.

ಮಾಲು ನಿಲ್ಲಿಸಿದರೆ ನಷ್ಟ ಅಲ್ಲಿಗೇ ನಿಲ್ಲುತ್ತದೆ ಎಂದುಕೊಂಡಿದ್ದೆ. ನಿಜವಾದ ಏಟು ಬಿದ್ದದ್ದು ಆಮೇಲೆ, ಅದೂ ಬ್ಯಾಂಕಿನ ಕಡೆಯಿಂದ. ನಮ್ಮ ಸಿ.ಸಿ. ಖಾತೆಯಿಂದ, ಅಂದರೆ ದಿನನಿತ್ಯದ ವ್ಯವಹಾರಕ್ಕೆಂದು ಬ್ಯಾಂಕು ಕೊಡುವ ಸಾಲದ ಖಾತೆಯಿಂದ, ಎಷ್ಟು ಹಣ ತೆಗೆಯಬಹುದು ಎಂಬುದನ್ನು ಪ್ರತಿ ತಿಂಗಳು ನಾವು ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್, ಅಂದರೆ ಮಾಲು ಮತ್ತು ಬರಬೇಕಾದ ಬಾಕಿಯ ಪಟ್ಟಿ ನೋಡಿ ಬ್ಯಾಂಕು ನಿಗದಿ ಮಾಡುತ್ತದೆ. ನಮ್ಮ ಮಂಜೂರಾತಿ ಪತ್ರದ ಪ್ರಕಾರ 90 ದಿನ ದಾಟಿದ ಬಾಕಿ ಲೆಕ್ಕಕ್ಕಿಲ್ಲ. ಅದರೊಳಗಿನ ಬಾಕಿಯಲ್ಲಿ ಶೇ 40 ಮಾರ್ಜಿನ್ ಕಳೆದು ಉಳಿದದ್ದಕ್ಕೆ ಮಾತ್ರ ಹಣ ಸಿಗುತ್ತದೆ. ನವೆಂಬರಿನಲ್ಲಿ 64 ಲಕ್ಷ ಬಾಕಿಯ ಮೇಲೆ 38.4 ಲಕ್ಷ ಸಿಗುತ್ತಿತ್ತು. ಹೊಸ ಬಿಲ್ಲು ಇಲ್ಲದೆ ಹಳೆಯ ಬಿಲ್ಲುಗಳು ತಿಂಗಳಿಗೆ 12 ಲಕ್ಷದಂತೆ 90 ದಿನದ ಗೆರೆ ದಾಟುತ್ತಾ ಹೋದಾಗ ಅದು ಡಿಸೆಂಬರಿಗೆ 31.2, ಜನವರಿಗೆ 24, ಫೆಬ್ರವರಿಗೆ 16.8 ಲಕ್ಷಕ್ಕೆ ಇಳಿಯಿತು. ಗಿರಾಕಿಯಿಂದ ಬಾರದೆ ಉಳಿದ ಹಣದ ಜೊತೆಗೆ, ಕೈಯಲ್ಲಿದ್ದ 21.6 ಲಕ್ಷದ ಸಾಲದ ಮಿತಿಯೂ ಮೂರೇ ತಿಂಗಳಲ್ಲಿ ಹೋಯಿತು. ಬಾಕಿ ಹತ್ತಾರು ಜನರಲ್ಲಿ ಹರಡಿದ್ದರೆ ಎಲ್ಲರೂ ಒಂದೇ ತಿಂಗಳಲ್ಲಿ ಆ ಗೆರೆ ದಾಟುವುದಿಲ್ಲ. ಒಬ್ಬರಲ್ಲೇ ಕೂಡಿಕೊಂಡಾಗ ಇಡೀ ರಾಶಿ ಮೂರೇ ತಿಂಗಳಲ್ಲಿ ದಾಟುತ್ತದೆ.

ಇತ್ತ ಕಾಳಿನ ರೂಪದ ಪ್ಲಾಸ್ಟಿಕ್ ಕಚ್ಚಾ ಮಾಲನ್ನು ನಾವು ಮುಂಗಡ ಹಣ ಕೊಟ್ಟೇ ತರಬೇಕು. ಆ 36 ಲಕ್ಷದೊಳಗೆ ಶೇ 18ರಂತೆ ಸುಮಾರು 5.5 ಲಕ್ಷ ಜಿಎಸ್‌ಟಿಯೂ ಸೇರಿತ್ತು. ಗಿರಾಕಿ ಹಣ ಕೊಡದಿದ್ದರೂ ಆ ತೆರಿಗೆಯನ್ನು ಆಯಾ ತಿಂಗಳ ಲೆಕ್ಕದಲ್ಲೇ ಸರ್ಕಾರಕ್ಕೆ ಕಟ್ಟಿಯಾಗಿತ್ತು, ಮತ್ತು ಹಣ ಮುಳುಗಿತೆಂದು ಅದನ್ನು ವಾಪಸ್ ಕೇಳಲು ಜಿಎಸ್‌ಟಿಯಲ್ಲಿ ಅವಕಾಶವಿಲ್ಲ.

ಗೋದಾಮಿನಲ್ಲಿ ಇನ್ನೊಂದು ಬಾಕಿ ಕುಳಿತಿತ್ತು. ಅವರ ಅಕ್ಕಿಯ ಬ್ರಾಂಡನ್ನು ಕೆಂಪು ಹಸಿರು ಬಣ್ಣದಲ್ಲಿ ಮುದ್ರಿಸಿದ 25 ಕೆ.ಜಿ. ಚೀಲಗಳ ಬಂಡಲುಗಳು ಗೋಡೆಗೆ ಆನಿಸಿ ತೊಲೆಯ ಮಟ್ಟಕ್ಕೆ ಪೇರಿಸಿದ್ದವು. ಬೇರೆಯವರ ಹೆಸರಿರುವ ಚೀಲವನ್ನು ಯಾವ ಗಿರಣಿಯವರೂ ಕೊಳ್ಳುವುದಿಲ್ಲ. ಕೊನೆಗೆ ಅವು ಗುಜರಿಯ ಬೆಲೆಗೆ ಹೋದವು. ಒಬ್ಬ ಗಿರಾಕಿಯಿಂದ ಎಷ್ಟು ಹಣ ಅಪಾಯದಲ್ಲಿದೆ ಎಂದು ಲೆಕ್ಕ ಹಾಕುವಾಗ ಅವರಿಗಾಗಿಯೇ ತಯಾರಾದ, ಇನ್ನೂ ಬಿಲ್ಲಾಗದ ಮಾಲನ್ನೂ ಕೂಡಿಸಬೇಕು ಎಂಬುದು ನನಗೆ ಹೊಳೆದದ್ದು ಆ ಬಂಡಲುಗಳನ್ನು ತೂಕಕ್ಕೆ ಹಾಕಿದ ದಿನ.

ಈಗ ಪ್ರತಿ ತಿಂಗಳ 1ನೇ ತಾರೀಕು ಟ್ಯಾಲಿಯಿಂದ ಬಾಕಿ ಬಿಲ್ಲುಗಳ ಪಟ್ಟಿ ತೆಗೆದು, ಯಾರ ಸಹಿಯಿಂದ ಹಣ ಬರುತ್ತದೆ ಎಂಬುದರ ಮೇಲೆ ಲೆಡ್ಜರುಗಳನ್ನು ಗುಂಪು ಮಾಡುತ್ತೇವೆ. ಪ್ರತಿ ಗುಂಪಿನ ಬಾಕಿಯ ಪಾಲಿನ ಪಕ್ಕದಲ್ಲೇ ಹಿಂದಿನ ಮೂರು ತಿಂಗಳ ಮಾರಾಟದಲ್ಲಿ ಅವರ ಪಾಲನ್ನು ಬರೆಯುತ್ತೇವೆ. ಎರಡೂ ಸಮನಾಗಿದ್ದರೆ ಅವರು ಎಲ್ಲರಂತೆ ಹಣ ಕೊಡುತ್ತಿದ್ದಾರೆ ಎಂದರ್ಥ. ಬಾಕಿಯ ಪಾಲು ಎರಡು ತಿಂಗಳು ಸತತವಾಗಿ ಮುಂದೆ ಹೋದರೆ ಅವರಿಗೆ ಹೊಸ ಮಾಲು ಹಳೆಯ ಬಿಲ್ಲು ತೀರಿದ ಮೇಲೆಯೇ. ನಮ್ಮ ಪ್ರಕರಣದಲ್ಲಿ ಶೇ 30 ಮತ್ತು ಶೇ 56ರ ಅಂತರ ಒಂದೇ ದಿನದಲ್ಲಿ ಬಂದದ್ದಲ್ಲ. ಅವರು 60 ದಿನಕ್ಕೆ ಜಾರಿದಾಗಲೇ ಪಾಲು ಶೇ 46 ಆಗಿತ್ತು, ಮತ್ತು ಆಗ ಸಿಕ್ಕಿಕೊಂಡಿದ್ದ ಹಣ 36 ಅಲ್ಲ, 24 ಲಕ್ಷ.

ಶೇಕಡಾವಾರು ಒಂದನ್ನೇ ನೆಚ್ಚಿಕೊಳ್ಳುವುದೂ ಸಾಲದು. ಆ ಹಣವನ್ನು ನಮ್ಮ ಸ್ವಂತ ಬಂಡವಾಳದ ಪಕ್ಕದಲ್ಲಿಟ್ಟು ನೋಡಬೇಕು. ಆಗ ವ್ಯವಹಾರದಲ್ಲಿದ್ದ ನಮ್ಮ ಸ್ವಂತ ಹಣ 30 ಲಕ್ಷ. ಒಂದು ಮನೆತನದಿಂದ ಬರಬೇಕಿದ್ದದ್ದು ಅದಕ್ಕಿಂತ 6 ಲಕ್ಷ ಹೆಚ್ಚು. ಯಾವ ಗುಂಪಿಗೂ 10 ಲಕ್ಷಕ್ಕಿಂತ ಹೆಚ್ಚು ಉದ್ರಿ ಇಲ್ಲವೆಂದು ಈಗ ಮಿತಿ ಹಾಕಿಕೊಂಡಿದ್ದೇವೆ, ಅವರಿಗಾಗಿ ಮುದ್ರಿಸಿಟ್ಟ ಚೀಲಗಳೂ ಅದರೊಳಗೇ.

ಸಣ್ಣ ಉದ್ಯಮಗಳ 2006ರ ಕಾಯ್ದೆಯಡಿ ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರಿಸಬೇಕು. ನಾವೂ ಆ ಕಾಯ್ದೆಯ ಮಂಡಳಿಗೆ ಅರ್ಜಿ ಹಾಕಿದ್ದೇವೆ. ಹಕ್ಕು ಗಟ್ಟಿಯಾಗಿದೆ, ಆದರೆ ಜನವರಿಯ ಕೂಲಿ ಕೊಡಲು ಅದು ಒದಗಲಿಲ್ಲ. ನನ್ನ ಹೆಂಡತಿಯ ಒಡವೆ ಅಡವಿಟ್ಟು ಕೂಲಿ ಕೊಟ್ಟೆವು. 36 ಲಕ್ಷದಲ್ಲಿ ಈವರೆಗೆ 9 ಲಕ್ಷ ಬಂದಿದೆ.