ಧಾರೆ ಫೋಟೋದಿಂದ ಬೋರ್ಡ್ ತೆಗೆಯಲು ಮೂರು ದಾರಿ: ಯಾವುದು ನಿಂತಿತು?

ಆಲ್ಬಂ ಪ್ರಿಂಟಿಗೆ ಹೋಗುವ ಮುಂಚೆ ಹುಡುಗಿಯ ತಂದೆಯಿಂದ ಪತ್ರ ಬಂತು. "ಧಾರೆ ಎರೆಯುವ ಫೋಟೋದಲ್ಲಿ ನನ್ನ ಹೆಂಡತಿಯ ತಲೆ ಮೇಲೆ 'ಕೈ ತೊಳೆಯುವ ಸ್ಥಳ' ಅನ್ನೋ ಬೋರ್ಡ್ ಕಾಣುತ್ತಿದೆ. ದಯವಿಟ್ಟು ತೆಗೆದುಕೊಡಿ. ಆದರೆ ಫೋಟೋದಲ್ಲಿ ಇರುವ ಯಾರನ್ನೂ ಕತ್ತರಿಸಬೇಡಿ." ಕೆಳಗೆ ಬೋರ್ಡ್ ಕಾಣುವ ಎಲ್ಲ ಫೋಟೋಗಳ ನಂಬರ್ ಬರೆದಿದ್ದರು. ಇಷ್ಟು ಸ್ಪಷ್ಟವಾಗಿ ಹೇಳಿದರೆ ನಮ್ಮ ಕೆಲಸ ಅರ್ಧ ಮುಗಿದಂತೆ.

ಮೊದಲು ಕ್ರಾಪ್ ಮಾಡಿ ನೋಡಿದೆ. 24 ಮೆಗಾಪಿಕ್ಸೆಲ್ ಫೋಟೋದಲ್ಲಿ ಅಗಲದ ಕಾಲು ಭಾಗ ಹೋದರೂ 12x18 ಇಂಚಿನ ಪುಟಕ್ಕೆ ಪ್ರಿಂಟ್ ಚೆನ್ನಾಗಿಯೇ ಬರುತ್ತದೆ. ತೊಂದರೆ ಅದಲ್ಲ. ಬೋರ್ಡ್ ಇದ್ದದ್ದು ಗಿಂಡಿ ಹಿಡಿದ ತಾಯಿಯ ತಲೆಗೆ ತಾಗಿಕೊಂಡೇ. ಮೇಲಿಂದ ಕತ್ತರಿಸಿದರೆ ಮುಡಿದ ಹೂವು ಹೋಗುತ್ತದೆ, ಪಕ್ಕದಿಂದ ಕತ್ತರಿಸಿದರೆ ಅವರೇ ಹೋಗುತ್ತಾರೆ. ಧಾರೆ ನೀರು ಬೀಳುತ್ತಿದೆ, ಎರೆಯುವವರೇ ಇಲ್ಲ ಅಂದರೆ ಹೇಗೆ?

ಆಮೇಲೆ ಫೋಟೋದ ಬೇರೆ ಭಾಗಗಳಿಂದಲೇ ಖಾಲಿ ಜಾಗ ತುಂಬುವ ಫೋಟೋಶಾಪ್‌ನ Content-Aware Fill. ಬೇಗ ಆಗುತ್ತದೆ, ಖಾಲಿ ಗೋಡೆಗಾದರೆ ಸಾಕು ಕೂಡ. ಇಲ್ಲಿ ಹಿಂದೆ ನೆರಿಗೆ ಪರದೆ, ಅದರ ಮೇಲೆ ಇಳಿಬಿಟ್ಟ ಚೆಂಡುಹೂವಿನ ಮಾಲೆ. ಮಾಲೆ ಅರ್ಧಕ್ಕೆ ತುಂಡಾಯಿತು, ಒಂದೇ ಹೂವು ಪಕ್ಕಪಕ್ಕ ಎರಡು ಸಲ ಬಂತು. ಪಕ್ಕದವರ ಮುಖದಿಂದ ಚರ್ಮದ ಬಣ್ಣವನ್ನೂ ಎಳೆದುಕೊಂಡಿತು. ಎಲ್ಲಿಂದ ತುಂಬಬೇಕು ಅನ್ನೋ ಹಸಿರು ಜಾಗದಲ್ಲಿ ಮುಖಗಳನ್ನು ಅಳಿಸಿದ ಮೇಲೆ ಅದೊಂದು ಸರಿಹೋಯಿತು. ಕೂದಲಿನ ಅಂಚು ಮಾತ್ರ ಮಸುಕಾಗಿಯೇ ಉಳಿಯಿತು.

ನಿಂತದ್ದು ಮೂರನೆಯದು: ಇನ್ನೊಂದು ಫೋಟೋದಿಂದ ಅದೇ ಜಾಗವನ್ನು ತರುವುದು. ಅದೇ ಹೊತ್ತಿನಲ್ಲಿ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ತೆಗೆದ ಫೋಟೋಗಳಲ್ಲಿ ಬೋರ್ಡ್ ಮಂಟಪದ ಕಂಬದ ಹಿಂದೆ ಮರೆಯಾಗಿತ್ತು, ಪರದೆ ಮತ್ತು ಮಾಲೆ ಪೂರ್ತಿ ಕಾಣುತ್ತಿತ್ತು. ಆ ತುಂಡನ್ನು ತಂದು ಬೋರ್ಡಿನ ಮೇಲೆ ಕೂರಿಸಿ, ನೆರಿಗೆಯ ಗೆರೆಗೆ ಗೆರೆ ಸೇರುವಷ್ಟು ಹಿಗ್ಗಿಸಿದೆ. ತುಂಡು ತಾಯಿಯ ಕೂದಲನ್ನು ಮುಚ್ಚದ ಹಾಗೆ ಸುತ್ತ ಸಣ್ಣ ಬ್ರಷ್‌ನಲ್ಲಿ ಮಾಸ್ಕ್ ಮಾಡಿದೆ. ಸಮಯ ಹಿಡಿದದ್ದು ಇಲ್ಲೇ. ಒಂದು ಫೋಟೋಗೆ ವಿಡಿಯೋ ಲೈಟ್ ಬಿದ್ದಿತ್ತು, ಇನ್ನೊಂದಕ್ಕೆ ಇಲ್ಲ. ಹಾಗಾಗಿ ಕರ್ವ್ಸ್‌ನಲ್ಲಿ ಬಣ್ಣ ಹೊಂದಿಸಿ, ಕೊನೆಗೆ ಸ್ವಲ್ಪ ನಾಯ್ಸ್ ಸೇರಿಸಿದೆ. ಅದಿಲ್ಲದಿದ್ದರೆ ತೇಪೆ ಜಾಸ್ತಿ ನುಣುಪಾಗಿ ಕಂಡು ಸಿಕ್ಕಿಬೀಳುತ್ತದೆ.

ಬೋರ್ಡ್ ಹೋದರೂ ಅದರ ಹಸಿರು ಬೆಳಕು ತಾಯಿಯ ಸೆರಗಿನ ಜರಿ ಮೇಲೆ ಉಳಿದಿತ್ತು. ತುಂಬಾ ಜನ ಇದನ್ನು ಮರೆಯುತ್ತಾರೆ. ಹೊಸ ಲೇಯರ್ ತೆಗೆದು, ಬ್ಲೆಂಡ್ ಮೋಡ್ Color ಇಟ್ಟು, ಪಕ್ಕದ ಜರಿಯ ಬಣ್ಣವನ್ನೇ ತೆಳುವಾಗಿ ಹಚ್ಚಿದೆ.

ಕೆಲಸ ಸರಿಯಾಗಿದೆಯಾ ಅಂತ ನೋಡಲು ಫೋಟೋವನ್ನು ಎಡಬಲ ತಿರುಗಿಸಿ. ಕಣ್ಣಿಗೆ ಅಭ್ಯಾಸವಾಗಿದ್ದ ತೇಪೆ ತಕ್ಷಣ ಎದ್ದು ಕಾಣುತ್ತದೆ.

ಪತ್ರದಲ್ಲಿದ್ದ ಉಳಿದ ಫೋಟೋಗಳು ನೆಂಟರ ಗುಂಪಿನವು, ಬೋರ್ಡ್ ಮೂಲೆಯಲ್ಲಿತ್ತು. ಅವಕ್ಕೆ ಕ್ರಾಪ್ ಸಾಕಾಯಿತು, ಯಾರೂ ಹೊರಗೆ ಹೋಗಲಿಲ್ಲ.