ಬಟ್ಟೆಯ ಹೆಸರು ಮೊದಲೋ, ಹಬ್ಬದ ಹೆಸರು ಮೊದಲೋ

ಚಿಂತಾಮಣಿಯಲ್ಲಿ ಮದುವೆ, ಸೀಮಂತಗಳಿಗೆ ಸೀರೆ ಉಡಿಸುವುದು ನನ್ನ ಕೆಲಸ. ಉಡುವ ಕ್ರಮವನ್ನು ತೋರಿಸುವ ವಿಡಿಯೊಗಳನ್ನು ಯೂಟ್ಯೂಬಿಗೂ ಹಾಕುತ್ತೇನೆ. ಮೈಸೂರು ಸಿಲ್ಕ್ ಉಡುವ ಒಂದೇ ವಿಡಿಯೊಗೆ ಎರಡು ಬಗೆಯ ಶೀರ್ಷಿಕೆ ಕೊಟ್ಟು ನೋಡಿದೆ. ಶ್ರಾವಣದಲ್ಲಿ ಇದ್ದದ್ದು ಇದು:

```
ವರಮಹಾಲಕ್ಷ್ಮಿ ಹಬ್ಬಕ್ಕೆ ಸುಲಭವಾಗಿ ಸೀರೆ ಉಡುವುದು
```

ಹಬ್ಬ ಕಳೆದ ಮೇಲೆ ಹೀಗೆ ಬದಲಾಯಿಸಿದೆ:

```
ಮೈಸೂರು ಸಿಲ್ಕ್ ಸೀರೆ ಜಾರದಂತೆ ಉಡುವ ವಿಧಾನ | Mysore silk saree draping in Kannada
```

ಹಬ್ಬದ ಶೀರ್ಷಿಕೆಗೆ ಆ ಶುಕ್ರವಾರದ ಹಿಂದಿನ ದಿನಗಳಲ್ಲಿ ಚೆನ್ನಾಗಿ ನೋಡುಗರು ಬಂದರು, ಶನಿವಾರದಿಂದ ಇಳಿದರು. ಅದು ನಿರೀಕ್ಷಿತವೇ. ತೊಂದರೆ ಬೇರೆ ಕಡೆ ಇತ್ತು. ಯೂಟ್ಯೂಬ್ ಸ್ಟುಡಿಯೊದಲ್ಲಿ ವೀಕ್ಷಣೆಯ ಗೆರೆಯನ್ನು ನೋಡಿದರೆ ಮೊದಲ ಅರ್ಧ ನಿಮಿಷದಲ್ಲೇ ಅದು ಕಡಿದಾಗಿ ಬೀಳುತ್ತಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. ಹಬ್ಬಕ್ಕೆಂದು ಹುಡುಕಿದವರಲ್ಲಿ ಒಬ್ಬರ ಕೈಯಲ್ಲಿ ಕಾಂಚೀಪುರಂ, ಇನ್ನೊಬ್ಬರ ಕೈಯಲ್ಲಿ ಹತ್ತಿಯ ಸೀರೆ, ಮತ್ತೊಬ್ಬರಲ್ಲಿ ಜಾರ್ಜೆಟ್ ಇರುತ್ತದೆ. ಕಾಂಚೀಪುರಂ ಗಡುಸಾದ ಬಟ್ಟೆ, ನೆರಿಗೆ ಉಬ್ಬಿ ನಿಲ್ಲುತ್ತದೆ. ಅದನ್ನು ಒತ್ತಿ ಕೂರಿಸುವುದೇ ಕೆಲಸ. ಮೈಸೂರು ಸಿಲ್ಕಿನದು ಕ್ರೇಪ್, ಮೆತ್ತಗೆ ಇಳಿಬೀಳುತ್ತದೆ. ಅಲ್ಲಿ ನೆರಿಗೆ ಸೊಂಟದಿಂದ ಜಾರದಂತೆ ನೋಡಿಕೊಳ್ಳಬೇಕು. ಒಂದಕ್ಕೆ ಹೇಳಿದ ಉಪಾಯ ಇನ್ನೊಂದಕ್ಕೆ ಒದಗುವುದಿಲ್ಲ, ನೋಡಿದವರು ಹೊರಟೇ ಹೋಗುತ್ತಾರೆ.

ಬಟ್ಟೆಯ ಶೀರ್ಷಿಕೆಗೆ ಒಮ್ಮೆಗೇ ಜನ ನುಗ್ಗಲಿಲ್ಲ. ಆದರೆ ಬಂದವರು ಕೊನೆಯವರೆಗೂ ಉಳಿದರು. ಸ್ಟುಡಿಯೊದಲ್ಲಿ ‘ಯೂಟ್ಯೂಬ್ ಹುಡುಕಾಟ’ದ ಕೆಳಗೆ, ಜನ ಟೈಪ್ ಮಾಡಿದ ಪದಗಳು ಕಾಣುತ್ತವೆ. ಅಲ್ಲಿ mysore silk saree draping, seere nerige hidiyodu ಎಂಬಂಥವು ಮದುವೆಯ ತಿಂಗಳುಗಳಲ್ಲೂ ಬರುತ್ತಲೇ ಇದ್ದವು. ಎರಡನ್ನೂ ಒಂದೇ ಕಾಲದಲ್ಲಿ ಇಡಲಿಲ್ಲವಾದ್ದರಿಂದ ಹೋಲಿಕೆಯಲ್ಲಿ ಹಬ್ಬದ ಪ್ರಭಾವವೂ ಬೆರೆತಿದೆ. ಆದರೂ ನೋಡುಗರು ಎಲ್ಲಿ ಬಿಟ್ಟುಹೋಗುತ್ತಾರೆ ಎಂಬುದರಲ್ಲಿ ಕಂಡ ವ್ಯತ್ಯಾಸವನ್ನು ಹಬ್ಬದ ತಲೆಗೆ ಕಟ್ಟಲಾಗದು. ಈಗ ಶೀರ್ಷಿಕೆಯಲ್ಲಿ ಬಟ್ಟೆಯನ್ನು ಮೊದಲು ಇಡುತ್ತೇನೆ, ಏಕೆಂದರೆ ಮೊಬೈಲಿನಲ್ಲಿ ಉದ್ದದ ಶೀರ್ಷಿಕೆಯ ಬಾಲ ಕತ್ತರಿಸಿಹೋಗುತ್ತದೆ. 100 ಅಕ್ಷರಗಳವರೆಗೆ ಅವಕಾಶವಿದೆ ಎಂದು ತುಂಬಿಸಿ ಫಲವಿಲ್ಲ. ವರಮಹಾಲಕ್ಷ್ಮಿ, ಗೃಹಪ್ರವೇಶ, ಆರತಕ್ಷತೆಗಳು ವಿವರಣೆಯ ಮೊದಲ ಸಾಲಿನಲ್ಲಿ, ಪೂರ್ಣ ವಾಕ್ಯವಾಗಿ ಇರುತ್ತವೆ.

ಲಿಪಿಯ ವಿಚಾರದಲ್ಲಿ ನನಗೆ ಪಂದ್ಯವೇ ಕಾಣಲಿಲ್ಲ, ಎರಡೂ ಬೇಕು. ಫೋನಿಗೆ ಕನ್ನಡದಲ್ಲಿ ಮಾತನಾಡಿ ಹುಡುಕುವವರ ಪದಗಳು ಕನ್ನಡ ಲಿಪಿಯಲ್ಲಿ ಬೀಳುತ್ತವೆ. ಬೆರಳಲ್ಲಿ ಒತ್ತುವವರು ಹೆಚ್ಚಾಗಿ ಇಂಗ್ಲಿಷ್ ಅಕ್ಷರ ಬಳಸುತ್ತಾರೆ. ನಮ್ಮ ಕಡೆ ತೆಲುಗು ಮನೆಮಾತಿನವರೂ ಬಹಳ. ಹಾಗೆಂದು ತೆಲುಗು ಶೀರ್ಷಿಕೆ ಸೇರಿಸಬಹುದಾದರೂ ನಾನು ಸೇರಿಸಿಲ್ಲ. ವಿಡಿಯೊದಲ್ಲಿ ಮಾತು ಕನ್ನಡದ್ದು, ಕರೆದು ಕೂರಿಸಿ ಬೇರೆ ಭಾಷೆ ಕೇಳಿಸುವುದು ಸರಿಯಲ್ಲ. ಊರಿನ ಹೆಸರನ್ನೂ ಶೀರ್ಷಿಕೆಯಿಂದ ತೆಗೆದೆ. ಅದಿದ್ದಾಗ ಕಲಿಯುವವರಿಗಿಂತ ಉಡಿಸಲು ಎಷ್ಟು ತೆಗೆದುಕೊಳ್ಳುತ್ತೀರಿ ಎಂದು ಕೇಳುವವರೇ ಹೆಚ್ಚು ಬರುತ್ತಿದ್ದರು. ವ್ಯಾಪಾರಕ್ಕೆ ಒಳ್ಳೆಯದೇ, ವಿಡಿಯೊಗಲ್ಲ.

ಹಂತಗಳಿಗೆ ಸಮಯಸೂಚಿ ಬರೆಯುವುದರಲ್ಲಿಯೂ ಎರಡು ದಾರಿಗಳಿವೆ. ‘ಹಂತ 1, ಹಂತ 2’ ಎಂದು ಬರೆದಾಗ ಅದು ಯಾರಿಗೂ ಏನನ್ನೂ ಹೇಳುವುದಿಲ್ಲ. ಕೈಗೆ ಬರುವ ಕೆಲಸದ ಹೆಸರನ್ನೇ ಬರೆದರೆ, ನೆರಿಗೆಯಲ್ಲಿ ಸಿಕ್ಕಿಕೊಂಡವಳು ನೇರವಾಗಿ ಅಲ್ಲಿಗೇ ಹೋಗುತ್ತಾಳೆ:

```
00:00 ಮೈಸೂರು ಸಿಲ್ಕ್ ಸೀರೆ, ಬೇಕಾದ ಪಿನ್ನುಗಳು
00:40 ಒಳಲಂಗಕ್ಕೆ ಸಿಕ್ಕಿಸಿ ಮೊದಲ ಸುತ್ತು
01:35 ಸೆರಗಿನ ನೆರಿಗೆ, ಭುಜಕ್ಕೆ ಪಿನ್
03:20 ಸೊಂಟದ ನೆರಿಗೆ ಜಾರದಂತೆ ಸಿಕ್ಕಿಸುವುದು
05:10 ಹಿಂದಿನ ಅಂಚು ಸರಿಮಾಡುವುದು
```

ಇದು ವಿವರಣೆಯಲ್ಲಿ 00:00ಯಿಂದಲೇ ಶುರುವಾಗಬೇಕು, ಕನಿಷ್ಠ ಮೂರು ಸಾಲುಗಳಿರಬೇಕು, ಒಂದೊಂದು ಭಾಗವೂ 10 ಸೆಕೆಂಡಿಗಿಂತ ಕಿರಿದಾಗಬಾರದು. ಒಂದು ತಪ್ಪಿದರೂ ಪ್ಲೇಯರಿನ ಗೆರೆಯ ಮೇಲೆ ಭಾಗಗಳು ಮೂಡುವುದಿಲ್ಲ. ಪ್ರಕಟಿಸಿದ ಕೂಡಲೇ ಮೊಬೈಲಿನಲ್ಲಿ ತೆರೆದು ನೋಡಿದರೆ ಗೊತ್ತಾಗುತ್ತದೆ. ಹೀಗೆ ಬರೆದ ಮೇಲೆ ವೀಕ್ಷಣೆಯ ಗೆರೆ 03:20ರ ಬಳಿ ಮೇಲೆದ್ದಿತು, ಅಂದರೆ ಜನ ಅಲ್ಲಿಗೆ ಹಾರಿ ಬರುತ್ತಾರೆ, ಮತ್ತೆ ಮತ್ತೆ ನೋಡುತ್ತಾರೆ. ಆ ಭಾಗವನ್ನೇ ಹತ್ತಿರದಿಂದ ಚಿತ್ರಿಸಿ ಬೇರೆ ಚಿಕ್ಕ ವಿಡಿಯೊ ಮಾಡಿದ್ದೇನೆ.

ಟ್ಯಾಗುಗಳ ಬಗ್ಗೆ ಹೇಳುವಂಥದ್ದು ಕಡಿಮೆ. ಹುಡುಕಾಟದಲ್ಲಿ ಅವುಗಳ ಪಾಲು ಅಲ್ಪವೆಂದು ಯೂಟ್ಯೂಬೇ ಹೇಳುತ್ತದೆ, ತಪ್ಪು ಕಾಗುಣಿತಗಳಿಗೆ ಮಾತ್ರ ಒದಗುತ್ತವೆ. sire, seere, saree, sari ಎಂಬ ನಾಲ್ಕನ್ನು ಹಾಕಿ ಬಿಡುತ್ತೇನೆ. ಇರದ ಬಟ್ಟೆಗಳ ಹೆಸರನ್ನು ಅಲ್ಲಿ ಸುರಿಯುವವರನ್ನು ಕಂಡಿದ್ದೇನೆ. ಜಾರ್ಜೆಟ್ ತೋರಿಸದ ವಿಡಿಯೊಗೆ ಜಾರ್ಜೆಟ್ ಎಂದು ಬರೆದರೆ, ಬರುವವರು ಮೊದಲ ಅರ್ಧ ನಿಮಿಷದ ಆ ಇಳಿತಕ್ಕೇ ಸೇರುತ್ತಾರೆ.