ವೆಂಚುರಿಯೋ ಆರಿಫೀಸ್ ಪ್ಲೇಟೋ: ಒಂದೇ ಕೊಳವೆಯಲ್ಲಿ ಎರಡನ್ನೂ ಇಟ್ಟು ನೋಡಿದಾಗ

ಕೊಳವೆಯಲ್ಲಿ ಹರಿಯುವ ನೀರನ್ನು ಅಳೆಯುವ ವೆಂಚುರಿ, ಆರಿಫೀಸ್ ಪ್ಲೇಟ್ ಎಂಬ ಎರಡು ಮೀಟರ್‌ಗಳನ್ನು ಬೇರೆ ಬೇರೆ ಕೊಳವೆಗಳಲ್ಲಿ ಪರೀಕ್ಷಿಸಿ ಹೋಲಿಸಿದರೆ ಯಾವ ವ್ಯತ್ಯಾಸ ಮೀಟರಿನದು, ಯಾವುದು ಕೊಳವೆಯದು ಎಂದು ಹೇಳುವುದು ಕಷ್ಟ. ಆದ್ದರಿಂದ ನಾನು 50 ಮಿ.ಮೀ. ಒಳವ್ಯಾಸದ ಒಂದೇ ನೇರ ಕೊಳವೆಯಲ್ಲಿ ಮೊದಲು ವೆಂಚುರಿಯನ್ನೂ, ಸಾಕಷ್ಟು ಅಂತರ ಬಿಟ್ಟು ಆರಿಫೀಸ್ ಪ್ಲೇಟನ್ನೂ ಜೋಡಿಸಿ, ಒಂದೇ ನೀರು ಎರಡರ ಮೂಲಕವೂ ಹಾದು ಅಳತೆ ಟ್ಯಾಂಕಿಗೆ ಬೀಳುವಂತೆ ಮಾಡಿಕೊಂಡೆ. ವೆಂಚುರಿಯ ಕಂಠದ ವ್ಯಾಸವೂ ಪ್ಲೇಟಿನ ರಂಧ್ರದ ವ್ಯಾಸವೂ 25 ಮಿ.ಮೀ.; ಅಂದರೆ ವ್ಯಾಸಗಳ ಅನುಪಾತ β ಎರಡಕ್ಕೂ 0.5. ಸೂತ್ರವೂ ಎರಡಕ್ಕೂ ಒಂದೇ:

```
Q = Cd · A2 · √( 2·g·h / (1 − β⁴) )
```

ಇಲ್ಲಿ Q ಹರಿವು, A2 ಕಂಠದ ಅಥವಾ ರಂಧ್ರದ ವಿಸ್ತೀರ್ಣ, h ಎಂಬುದು ಒತ್ತಡ ವ್ಯತ್ಯಾಸವನ್ನು ನೀರಿನ ಎತ್ತರವಾಗಿ ಹೇಳಿದ ಅಳತೆ, Cd ವಿಸರ್ಜನಾ ಗುಣಾಂಕ. ಪಾದರಸದ ಮ್ಯಾನೋಮೀಟರಿನಲ್ಲಿ ಎರಡು ಭುಜಗಳ ಮಟ್ಟಗಳ ಅಂತರವನ್ನು 13.6ರಿಂದಲ್ಲ, 12.6ರಿಂದ ಗುಣಿಸಿದರೆ h ಸಿಗುತ್ತದೆ. ಏಕೆಂದರೆ ಪಾದರಸದ ಮೇಲೆ ಎರಡೂ ಕಡೆ ನೀರು ತುಂಬಿರುತ್ತದೆ.

ಒಂದು ಓದನ್ನು ಪೂರ್ತಿ ಲೆಕ್ಕ ಹಾಕಿ ತೋರಿಸುತ್ತೇನೆ. ಟ್ಯಾಂಕಿನಲ್ಲಿ 50 ಸೆಕೆಂಡುಗಳಲ್ಲಿ 75 ಲೀಟರ್ ನೀರು ಸಂಗ್ರಹವಾಯಿತು; ಆದ್ದರಿಂದ ನಿಜವಾದ ಹರಿವು ಸೆಕೆಂಡಿಗೆ 1.50 ಲೀಟರ್. ಅದೇ ಹರಿವಿನಲ್ಲಿ ವೆಂಚುರಿಯ ಮ್ಯಾನೋಮೀಟರ್ 38 ಮಿ.ಮೀ. ತೋರಿಸಿದರೆ, ಆರಿಫೀಸಿನದು 95 ಮಿ.ಮೀ. ತೋರಿಸಿತು. ವೆಂಚುರಿಗೆ h 0.479 ಮೀಟರ್ ಆಗುತ್ತದೆ. Cd ಬಿಟ್ಟು ಲೆಕ್ಕ ಹಾಕಿದರೆ ಹರಿವು 1.554 ಲೀಟರ್ ಬರುತ್ತದೆ. ನಿಜವಾದ ಹರಿವನ್ನು ಇದರಿಂದ ಭಾಗಿಸಿದರೆ Cd 0.965. ಆರಿಫೀಸಿಗೆ h 1.197 ಮೀಟರ್, Cd ಇಲ್ಲದ ಹರಿವು 2.457 ಲೀಟರ್, ಹೀಗಾಗಿ Cd 0.61.

ಈ 0.61ನ್ನು ನೋಡಿ ಆರಿಫೀಸ್ ಶೇಕಡ 39ರಷ್ಟು ಶಕ್ತಿಯನ್ನು ನುಂಗುತ್ತದೆ ಎಂದು ಭಾವಿಸುವವರು ಬಹಳ ಮಂದಿ. ಅದು ಸರಿಯಲ್ಲ, ಮತ್ತು ಈ ಹೋಲಿಕೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ವಿಷಯವೂ ಇದೇ. ಪ್ಲೇಟಿನ ಚೂಪಾದ ಅಂಚಿನತ್ತ ನೀರು ಸುತ್ತಲಿನಿಂದ ಒಳಮುಖವಾಗಿ ಬರುತ್ತದೆ. ಅಂಚನ್ನು ದಾಟಿದ ಕೂಡಲೇ ಅದು ನೇರವಾಗಿ ತಿರುಗಲಾರದು, ಆದ್ದರಿಂದ ಧಾರೆ ರಂಧ್ರದಾಚೆಗೂ ಸ್ವಲ್ಪ ದೂರ ಕುಗ್ಗುತ್ತಲೇ ಹೋಗಿ, ವೀನಾ ಕಂಟ್ರಾಕ್ಟಾ ಎಂದು ಕರೆಯುವ ಸ್ಥಳದಲ್ಲಿ ಅತಿ ಕಿರಿದಾಗುತ್ತದೆ. ಕೆಳಗಿನ ಒತ್ತಡವನ್ನು ನಾವು ಅಳೆಯುವುದು ಈ ಕಿರಿದಾದ ಧಾರೆಯ ಆಸುಪಾಸಿನಲ್ಲಿ, ಆದರೆ ಸೂತ್ರದಲ್ಲಿ ಹಾಕುವುದು ರಂಧ್ರದ ಪೂರ್ಣ ವಿಸ್ತೀರ್ಣವನ್ನು. ಗುಣಾಂಕದ ಬಹುಪಾಲು ಈ ವಿಸ್ತೀರ್ಣದ ಅಂತರವನ್ನೇ ಸರಿದೂಗಿಸುತ್ತದೆ; ಧಾರೆ ಕುಗ್ಗುವವರೆಗೆ ಶಕ್ತಿನಷ್ಟ ತೀರಾ ಅಲ್ಪ. ವೆಂಚುರಿಯಲ್ಲಿ ಗೋಡೆಯೇ ನೀರನ್ನು ಕಂಠದವರೆಗೆ ಕರೆದೊಯ್ಯುವುದರಿಂದ ಕಂಠ ಪೂರ್ತಿ ತುಂಬಿ ಹರಿಯುತ್ತದೆ, ಉಳಿಯುವುದು ಗೋಡೆಯ ಘರ್ಷಣೆ ಮಾತ್ರ, 1ಕ್ಕೂ 0.965ಕ್ಕೂ ಇರುವ ಅಂತರ ಮುಖ್ಯವಾಗಿ ಅದರದ್ದು. ನೀರಿನ ವೇಗವೂ ಕೊಳವೆಯ ಗಾತ್ರವೂ ಹೆಚ್ಚಿ ರೆನಾಲ್ಡ್ಸ್ ಸಂಖ್ಯೆ ಏರಿದಂತೆ ಈ ಗುಣಾಂಕ 0.99ರ ಹತ್ತಿರಕ್ಕೆ ಬರುತ್ತದೆ.

ಶಕ್ತಿ ನಿಜವಾಗಿ ನಷ್ಟವಾಗುವುದು ಅಳತೆಯ ಜಾಗದ ನಂತರ. ಆರಿಫೀಸಿನಿಂದ ಹೊರಟ ವೇಗದ ಧಾರೆ ಸುತ್ತಲಿನ ನಿಧಾನ ನೀರಿಗೆ ಅಪ್ಪಳಿಸಿ ಸುಳಿಗಳಾಗಿ ಒಡೆಯುತ್ತದೆ. ಇದನ್ನು ತಿಳಿಯಲು, ಪ್ಲೇಟಿನಿಂದ ಕೊಳವೆಯ ಆರು ವ್ಯಾಸಗಳಷ್ಟು ದೂರದಲ್ಲಿ ಒತ್ತಡ ಚೇತರಿಸಿಕೊಂಡ ಜಾಗದಲ್ಲಿ ಇನ್ನೊಂದು ರಂಧ್ರ ಕೊರೆದು ಓದಿಕೊಂಡೆ: 95 ಮಿ.ಮೀ. ವ್ಯತ್ಯಾಸದಲ್ಲಿ ಸುಮಾರು 70 ಮಿ.ಮೀ. ಮರಳಿ ಬರಲೇ ಇಲ್ಲ. ವೆಂಚುರಿಯ ಕಂಠದ ನಂತರದ ನಿಧಾನವಾಗಿ ಅಗಲವಾಗುವ ಭಾಗ ವೇಗವನ್ನು ಮತ್ತೆ ಒತ್ತಡವಾಗಿಸುವುದರಿಂದ, ಅಲ್ಲಿ 38ರಲ್ಲಿ ಮರಳದಿದ್ದುದು 6 ಮಿ.ಮೀ.ನಷ್ಟು. ಶಕ್ತಿಯ ಲೆಕ್ಕದಲ್ಲಿ ಒಂದು ಕಡೆ ಸುಮಾರು 13 ವಾಟ್, ಇನ್ನೊಂದು ಕಡೆ 1 ವಾಟಿಗಿಂತ ತುಸು ಹೆಚ್ಚು. ಈ ಕೊಳವೆಯಲ್ಲಿ ಎರಡೂ ಅಲ್ಪವೇ. ಆದರೆ ಇದೇ ವೇಗದಲ್ಲಿ 500 ಮಿ.ಮೀ. ಕೊಳವೆಯಲ್ಲಿ ಹರಿವು ನೂರು ಪಟ್ಟಾಗುತ್ತದೆ, ಆಗ ಆರಿಫೀಸ್ ಹಗಲೂ ರಾತ್ರಿಯೂ 1.3 ಕಿಲೋವಾಟಿನಷ್ಟನ್ನು ಪಂಪಿನಿಂದ ಕೇಳುತ್ತಿರುತ್ತದೆ.

ಹಾಗೆಂದು ಆರಿಫೀಸಿನ ದೊಡ್ಡ ಓದು ಬರಿಯ ದೋಷವಲ್ಲ. ಒತ್ತಡ ವ್ಯತ್ಯಾಸ ಹರಿವಿನ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಹರಿವು ಮೂರನೆಯ ಒಂದಕ್ಕೆ ಇಳಿದರೆ ಓದು ಒಂಬತ್ತನೆಯ ಒಂದಕ್ಕೆ ಕುಸಿಯುತ್ತದೆ. ಸೆಕೆಂಡಿಗೆ ಅರ್ಧ ಲೀಟರಿನಲ್ಲಿ ವೆಂಚುರಿ ತೋರಿಸಿದ್ದು ಸುಮಾರು 4 ಮಿ.ಮೀ., ಆರಿಫೀಸ್ 10ಕ್ಕಿಂತ ತುಸು ಹೆಚ್ಚು. ಓದುವಾಗ 1 ಮಿ.ಮೀ. ತಪ್ಪಿದರೆ ಮೊದಲನೆಯದರಲ್ಲಿ ಹರಿವು ಶೇಕಡ 12ರಷ್ಟು, ಎರಡನೆಯದರಲ್ಲಿ ಶೇಕಡ 5ರಷ್ಟು ತಪ್ಪುತ್ತದೆ. ವೆಂಚುರಿಯನ್ನೇ ಬಳಸಬೇಕಿದ್ದರೆ, ಕಡಿಮೆ ಹರಿವಿಗೆ ಪಾದರಸವನ್ನು ಬಿಟ್ಟು, ಮೇಲೆ ಗಾಳಿ ಹಿಡಿದ ತಲೆಕೆಳಗಾದ ಮ್ಯಾನೋಮೀಟರ್ ಬಳಸುವುದು ಒಳ್ಳೆಯದು. ಅದೇ 4 ಮಿ.ಮೀ. ಅಲ್ಲಿ 50 ಮಿ.ಮೀ. ದಾಟುತ್ತದೆ.

ಹಲವು ಹರಿವುಗಳಲ್ಲಿ ಓದು ತೆಗೆದು, Q ಅನ್ನು √h ಎದುರು ಗುರುತಿಸಿದಾಗ ಎರಡು ಮೀಟರ್‌ಗಳೂ ಸರಳ ರೇಖೆಯನ್ನೇ ಕೊಟ್ಟವು, ಮತ್ತು ಇಳಿಜಾರಿನಿಂದ ಸಿಗುವ Cd ಒಂದೇ ಓದಿನ Cdಗಿಂತ ಹೆಚ್ಚು ನಂಬಲರ್ಹ. ರೇಖೆ ಮೂಲಬಿಂದುವಿನ ಮೂಲಕ ಹೋಗದಿದ್ದರೆ ನಾನು ಮೊದಲು ಸಂಶಯಿಸುವುದು ಮ್ಯಾನೋಮೀಟರಿನ ನಳಿಗೆಗಳಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆಯನ್ನು. ಹರಿವನ್ನು ಪೂರ್ತಿ ನಿಲ್ಲಿಸಿದಾಗ ಎರಡು ಮಟ್ಟಗಳು ಸಮವಾಗದಿದ್ದರೆ ಆ ಸಂಶಯ ಬಹುಮಟ್ಟಿಗೆ ಖಚಿತ.

ರೇಖೆ ಮೂಲಬಿಂದುವಿನ ಮೂಲಕವೇ ಹೋಗಿಯೂ ಗುಣಾಂಕ ತಪ್ಪಿರಬಹುದು. ಆರಿಫೀಸಿನ ಅಪಾಯ ಇರುವುದು ಇಲ್ಲೇ. ಅದರ 0.61 ನಿಂತಿರುವುದು ಮೇಲ್ಮುಖದ ಆ ಒಂದು ಅಂಚಿನ ಚೂಪಿನ ಮೇಲೆ. ಮರಳು ಉಜ್ಜಿ ಅಂಚು ಸವೆದರೆ ಧಾರೆ ಕಡಿಮೆ ಕುಗ್ಗುತ್ತದೆ, ನಿಜವಾದ Cd ಏರುತ್ತದೆ, ಅದೇ ಹರಿವಿಗೆ ಒತ್ತಡ ವ್ಯತ್ಯಾಸ ಇಳಿಯುತ್ತದೆ. ಹಳೆಯ ಗುಣಾಂಕವನ್ನೇ ನಂಬಿದವರಿಗೆ ಹರಿವು ಕಡಿಮೆಯಾದಂತೆ ಕಾಣುತ್ತದೆ. ಇಳಿಜಾರಾಗಿ ಕೊರೆದ ಮುಖ ಹರಿವಿಗೆ ಎದುರಾಗುವಂತೆ ಪ್ಲೇಟನ್ನು ತಿರುಗಿಸಿ ಕೂರಿಸಿದಾಗಲೂ ಇದೇ ದಿಕ್ಕಿನ ತಪ್ಪು ಬರುತ್ತದೆ, ಮತ್ತು ಅದು ಶೇಕಡ ಹತ್ತನ್ನೂ ಮೀರಬಹುದು. ಅಂಚಿನ ಮೇಲೆ ಬೆಳಕು ಬೀಳಿಸಿ ಬರಿಗಣ್ಣಿನಿಂದ ನೋಡುವುದು ಒಳ್ಳೆಯ ಪರೀಕ್ಷೆ: ಬೆಳಕನ್ನು ಪ್ರತಿಫಲಿಸುವ ತೆಳು ಗೆರೆ ಕಂಡರೆ ಅಂಚು ದುಂಡಾಗಿದೆ. ವೆಂಚುರಿಯ ನಯವಾದ ಕಂಠಕ್ಕೆ ಈ ಚಿಂತೆ ಬಹಳ ಕಡಿಮೆ, ಮೇಲಿನ ಬಾಗುಗಳ ಕಲಕಾಟವನ್ನೂ ಅದು ಹೆಚ್ಚು ತಾಳಿಕೊಳ್ಳುತ್ತದೆ. ಆದರೆ ಉದ್ದವಾದ ಅದನ್ನು ಕೂರಿಸಲು ಕೊಳವೆಯನ್ನೇ ಕತ್ತರಿಸಬೇಕು, ಪ್ಲೇಟಿಗಾದರೆ ಎರಡು ಫ್ಲ್ಯಾಂಜ್‌ಗಳ ನಡುವಿನ ಸಂದು ಸಾಕು.

ಶುದ್ಧ ನೀರು, ಸಣ್ಣ ಕೊಳವೆ, ಹರಿವಿನ ವ್ಯಾಪ್ತಿ ಬದಲಾಗುವ ಸಾಧ್ಯತೆ, ಇಷ್ಟಿದ್ದರೆ ನಾನು ಆರಿಫೀಸನ್ನೇ ಆರಿಸುತ್ತೇನೆ, ಏಕೆಂದರೆ ಪ್ಲೇಟನ್ನು ತೆಗೆದು ಬೇರೆ ರಂಧ್ರದ್ದನ್ನು ಹಾಕಬಹುದು. ನಿರಂತರವಾಗಿ ಪಂಪ್ ನಡೆಯುವ ದೊಡ್ಡ ಕೊಳವೆಗೂ ಕೆಸರು ಬೆರೆತ ನೀರಿಗೂ ವೆಂಚುರಿಯೇ ನನ್ನ ಆಯ್ಕೆ: ಪ್ಲೇಟಿನ ಮುಂದೆ ತಳದಲ್ಲಿ ಕೂರುವ ಕೆಸರು ನೀರು ಬರುವ ದಾರಿಯನ್ನೇ ಬದಲಿಸಿ ಗುಣಾಂಕವನ್ನು ಕದಲಿಸುತ್ತದೆ, ಕಂಠದ ಇಳಿಜಾರಿನಲ್ಲಿ ಅದಕ್ಕೆ ನಿಲ್ಲುವ ಮೂಲೆಯಿಲ್ಲ.